ಸೀತತ್ತೆಯ ಸಂಕ್ರಾಂತಿ ಕಾರ್ಡಿಗೆ ಉತ್ತರ

ಎಡಿಸನ್, ನ್ಯೂಜೆರ್ಸಿ
ಜನವರಿ 17

ಪೂಜ್ಯ ಸೀತತ್ತೆಗೆ ಪುಟ್ಟಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ಆದಿ ನಿಮ್ಮ ಕಾರ್ಡಿನ ಫೋಟೋ ಕಳಿಸಿದ್ದು ಹಬ್ಬಕ್ಕೆ ಐದು ದಿನ ಇರುವಾಗಲೇ. ಅವತ್ತು ‘ತಲುಪಿತು’ ಅಂತ ಒಂದು ಸಾಲು ಹಾಕಿ ಸುಮ್ಮನಾದೆ, ಬೇಜಾರು ಮಾಡ್ಕೋಬೇಡಿ. ನೀವು ಬರೆದದ್ದನ್ನೆಲ್ಲ ಮಾಡಿ, ಆಮೇಲೇ ಉತ್ತರ ಬರೆಯೋಣ ಅಂತಿತ್ತು. ಇದನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡು ಅಂತ ಆದಿಗೆ ಹೇಳಿದೀನಿ. ಕನ್ನಡಕ ಹುಡುಕೋ ಕಷ್ಟ ಬೇಡ.

ಫೋನಿನಲ್ಲಿ ಅಕ್ಷರ ಸಣ್ಣ ಕಾಣ್ತಿತ್ತು, ಲ್ಯಾಪ್‌ಟಾಪಿಗೆ ಹಾಕಿ ಹಿಗ್ಗಿಸಿ ಇವರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದಿದೆ. ಎರಡು ಕಬ್ಬಿನ ಜಲ್ಲೆ ಬರೆದು ಗಿಣ್ಣುಗಳನ್ನೂ ಗುರುತು ಮಾಡಿದೀರಿ, ಒಂದರಲ್ಲಿ ಏಳು, ಇನ್ನೊಂದರಲ್ಲಿ ಆರು. ಚಿನ್ನು ಎಣಿಸಿ ಹೇಳಿದಳು. ನಾಲ್ಕು ಮೂಲೆಗೂ ಅರಿಶಿನ. ಎಡಗಡೆ ಮೇಲಿನದರಲ್ಲಿ ನಿಮ್ಮ ಹೆಬ್ಬೆರಳಿನ ಗೆರೆಗಳು ಹಾಗೇ ಮೂಡಿವೆ. ರಟ್ಟು ಯಾವುದೋ ಮದುವೆ ಪತ್ರಿಕೆಯದಲ್ವಾ? ಬೆಳಕು ಬಿದ್ದ ಕಡೆ ‘ಚಿ. ಸೌ.’ ಅನ್ನೋ ಉಬ್ಬಕ್ಷರ ತಿರುಗುಮುರುಗಾಗಿ ಕಾಣ್ತಿದೆ. ಅಂಚನ್ನು ಎಷ್ಟು ನೇರ ಕತ್ತರಿಸಿದೀರಿ ಅತ್ತೆ, ನನ್ನ ಕೈಲಿ ಈಗಲೂ ಆಗಲ್ಲ. ಕೈ ನಡುಗುತ್ತೆ, ಅಕ್ಷರ ಕೆಟ್ಟಿದೆ ಅಂತ ಕೊನೆಗೆ ಬರೆದಿದೀರಲ್ಲ, ‘ಳ್ಳು’ ಬರೆಯೋವಾಗ ಒತ್ತಕ್ಷರದ ಬಾಲ ಒಂದಿಷ್ಟು ಉದ್ದ ಹೋಗಿದೆ, ಅಷ್ಟೇ. ಒಂದೇ ಒಂದು ಪದ ಎರಡು ಸಲ ಓದಬೇಕಾಯ್ತು. ಅದು ‘ಬಟ್ಟಲು’.

ಎಳ್ಳಿನ ಲೆಕ್ಕ ಬರೆದು ಕಳಿಸಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಹುರಿಗಡಲೆ ಒಂದು ಪಾವು, ಕಡಲೆಕಾಯಿ ಬೀಜ ಒಂದು ಪಾವು, ಹೆಚ್ಚಿದ ಬೆಲ್ಲ ಒಂದು ಪಾವು, ಬಿಳಿ ಎಳ್ಳು ಅರ್ಧ ಪಾವು, ಕೊಬ್ಬರಿ ಎರಡು ಬಟ್ಟಲು. ಆ ಬಟ್ಟಲು ಅಳತೆಯದೋ ಕೊಬ್ಬರಿ ಬಟ್ಟಲೋ ಅಂತ ಅನುಮಾನ ಬಂತು. ಕೊಬ್ಬರಿದೇ ಇರಬೇಕು ಅಂದುಕೊಂಡು ಎರಡು ಹೋಳು ತೊಗೊಂಡೆ, ಸರಿಹೋಯ್ತು. ಪಾವು ಇಲ್ಲಿಲ್ಲ. ಎಲ್ಲದಕ್ಕೂ ಒಂದೇ ಲೋಟ ಹಿಡಿದೆ.

ನಮ್ಮ ಎಳ್ಳು ಪ್ರತಿ ವರ್ಷ ಯಾಕೆ ಉಂಡೆ ಕಟ್ಟುತ್ತಿತ್ತು ಅನ್ನೋದು ನಿಮ್ಮ ಒಂದು ಸಾಲಿನಿಂದ ಗೊತ್ತಾಯ್ತು: ‘ಬೀಜ ಪೂರ್ತಿ ಆರಲಿ, ಅವಸರ ಮಾಡಬೇಡ’. ಬಿಸಿ ಬೀಜಕ್ಕೆ ಬೆಲ್ಲದ ಅಂಚು ಕರಗುತ್ತೆ, ಆ ಜಿಗುಟಿಗೆ ಎಳ್ಳು ಬಂದು ಮೆತ್ತಿಕೊಳ್ಳುತ್ತೆ. ಈ ಸಲ ಹುರಿದ ಬೀಜ ರಾತ್ರಿಯೆಲ್ಲ ತಟ್ಟೆಯಲ್ಲಿ ಹರಡಿತ್ತು. ಬೆಳಗ್ಗೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಮೊರ ಇಲ್ಲದ್ದಕ್ಕೆ ದೊಡ್ಡ ಕಣ್ಣಿನ ಜರಡಿಯಲ್ಲಿ ಜಾಡಿಸಿದೆ. ಎಳ್ಳನ್ನು ಚಟಪಟ ಅನ್ನೋಕೆ ಶುರುವಾದ ಕೂಡಲೇ ಇಳಿಸಿ ಬೇರೆ ತಟ್ಟೆಗೆ ಸುರಿದೆ, ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಕಹಿಯಾಗುತ್ತೆ. ಬೆಲ್ಲಕ್ಕೂ ಕೊಬ್ಬರಿಗೂ ಎರಡು ದಿನ ಬಿಸಿಲು ಅಂದಿದೀರಿ. ಇಲ್ಲಿ ಜನವರಿಯಲ್ಲಿ ಬಿಸಿಲು ಬಂದರೂ ಕಾವಿಲ್ಲ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ರಾತ್ರಿ ಇಟ್ಟೆ, ಗರಿಗರಿಯಾಯ್ತು. ಬೆಲ್ಲವನ್ನು ಮಾತ್ರ ಅಲ್ಲಿಡಲಿಲ್ಲ, ಮೆತ್ತಗಾದೀತು ಅಂತ. ಹೆಚ್ಚಿ ಕಾಗದದ ಮೇಲೆ ಹರಡಿದ್ದೆ. ಹೀಟರಿನ ಒಣಗಾಳಿಗೆ ಅದೇ ಬಿಡಿಬಿಡಿಯಾಯ್ತು.

ಬೀರೋವಾಗ ಡಬ್ಬಿಯನ್ನು ಪ್ರತಿ ಸಲವೂ ಕೆಳಗಿನಿಂದ ಕಲಸಿಯೇ ಬಡಿಸಿದೆ, ಇಲ್ಲದಿದ್ದರೆ ಎಳ್ಳೆಲ್ಲ ತಳಕ್ಕೆ ಇಳಿದು ಕೊನೆಯ ಮನೆಯವರಿಗೆ ಬರೀ ಎಳ್ಳೇ ಸಿಗುತ್ತೆ. ಒಟ್ಟು ಹನ್ನೊಂದು ಮನೆಗೆ ಆಯ್ತು. ಚಿನ್ನುಗೆ ಮೂರೇ ವರ್ಷ ನೋಡಿ, ಗಂಟಲಿಗೆ ಸಿಕ್ಕೀತು ಅಂತ ಅವಳ ಪಾಲಿನದನ್ನು ಪುಡಿ ಮಾಡಿ ಕೊಟ್ಟೆ. ಎಲಚಿಹಣ್ಣು ಎರೀಬೇಕು ಅಂದಿದ್ರಿ, ಅದು ಇಲ್ಲಿ ಎಲ್ಲೂ ಸಿಗಲಿಲ್ಲ. ಕಬ್ಬಿನ ಚೂರು, ಎಳ್ಳು, ಒಂದು ಹಿಡಿ ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಎರೆದು ಆರತಿ ಮಾಡಿದೆ. ಎಳ್ಳನ್ನು ಬಿಟ್ಟು ಅವಳು ಕಾಸು ಹೆಕ್ಕೋಕೇ ಓಡಿದಳು.

ಸಕ್ಕರೆ ಅಚ್ಚು ಅರ್ಧ ಗೆದ್ದೆ. ಮರದ ಅಚ್ಚನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿದ್ದು, ಪಾಕ ಕುದಿಯೋವಾಗ ಎರಡು ಚಮಚ ಹಾಲು ಹಾಕಿ ಮೇಲೆ ಬಂದ ಕೊಳೆಯನ್ನು ತೆಗೆದು ಬಟ್ಟೆಯಲ್ಲಿ ಸೋಸಿದ್ದು, ಎಲ್ಲ ನಿಮ್ಮ ಹಾಗೇ. ಸ್ವಲ್ಪ ಸ್ವಲ್ಪ ಪಾಕವನ್ನೇ ಕಾಯಿಸಬೇಕು ಅನ್ನೋದನ್ನ ಮೊದಲ ಸಲ ಮರೆತೆ. ಪೂರ್ತಿ ಒಟ್ಟಿಗೆ ಕಾಯಿಸಿದ್ದರಿಂದ ಎರಡು ಅಚ್ಚು ತುಂಬೋ ಹೊತ್ತಿಗೆ ಉಳಿದದ್ದು ಪಾತ್ರೆಯಲ್ಲೇ ಬೆಳ್ಳಗೆ ಗಟ್ಟಿಯಾಯ್ತು. ಅದಕ್ಕೆ ನೀರು ಹಾಕಿ ಕರಗಿಸಿ, ಒಂದೊಂದು ಸೌಟು ಕಾಯಿಸಿದ ಮೇಲೆ ಆನೆ, ಗಿಳಿ ಸರಿಯಾಗಿ ಬಂದವು. ತುಳಸಿಕಟ್ಟೆ ಮಾತ್ರ ಎರಡು ಸಲವೂ ಬುಡದಲ್ಲಿ ಮುರೀತು. ಬೇಗ ಬಿಚ್ಚಿದ್ದಕ್ಕೋ ಏನೋ, ನೀವೇ ಹೇಳಿ.

ಇನ್ನು ಕಾರ್ಡಿನ ವಿಚಾರ. ಲ್ಯಾಮಿನೇಷನ್ ಮಾಡಿಸಿ ಇಡ್ತೀನಿ ಅಂತ ಆದಿ ಅಂದ. ದಯವಿಟ್ಟು ಬೇಡ ಅನ್ನಿ. ಒಮ್ಮೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದೆ ಬಿಡಿಸೋಕೆ ಆಗಲ್ಲ, ಅರಿಶಿನದ ಮೇಲಿನ ನಿಮ್ಮ ಬೆರಳಿನ ಗುರುತೂ ಹೋಗುತ್ತೆ. ಸೆಲ್ಲೋಟೇಪೂ ಬೇಡ, ನಾಲ್ಕು ವರ್ಷಕ್ಕೆ ಹಳದಿಯಾಗಿ ಕಲೆ ಬಿಡುತ್ತೆ. ಮಡಿಸದೆ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಒಂದು ರಟ್ಟಿನ ಜೊತೆ ದೊಡ್ಡ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಸೀರೆಗಳ ಪಕ್ಕ ಇಡಿ. ನುಸಿಗುಳಿಗೆ ಅದಕ್ಕೆ ತಾಗದೆ ಇರಲಿ. ಮಾರ್ಚಿನಲ್ಲಿ ಅಣ್ಣ ಮೈಸೂರಿಗೆ ಬಂದಾಗ ಇಸ್ಕೊಂಡು ಬರ್ತಾನೆ. ಇಲ್ಲಿ ದೇವರ ಮನೆ ಪಕ್ಕದ ಗೋಡೆಗೆ ಕಟ್ಟು ಹಾಕಿಸಿ ಹಾಕ್ತೀನಿ. ಆ ಗೋಡೆಗೆ ಬಿಸಿಲು ಬೀಳಲ್ಲ, ಶಾಯಿ ಬೇಗ ಮಾಸಲ್ಲ.

ಅಲ್ಲಿವರೆಗೆ ಇನ್ನೊಂದು ಫೋಟೋ ಬೇಕು. ಫ್ಲ್ಯಾಶ್ ಬೆಳಕು ಬಿದ್ದು ನಡುವಿನ ಎರಡು ಸಾಲು ಬೆಳ್ಳಗಾಗಿವೆ, ಕೆಳಗಿನ ಅಂಚೂ ಕತ್ತರಿಸಿ ಹೋಗಿದೆ. ಬೆಳಗ್ಗೆ ಹತ್ತು ಗಂಟೆಗೆ ನಿಮ್ಮ ನಡುಮನೆ ಕಿಟಕಿ ಪಕ್ಕ, ನೆಲದ ಮೇಲೆ ಕಾರ್ಡ್ ಇಟ್ಟು, ಫ್ಲ್ಯಾಶ್ ಆರಿಸಿ, ಆದಿ ನೇರ ಮೇಲಿನಿಂದ ತೆಗೆಯಲಿ. ಅವನ ನೆರಳು ಬೀಳದಿರಲಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದನ್ನು ಕುಗ್ಗಿಸಿಬಿಡುತ್ತೆ, Document ಒತ್ತಿ ಕಳಿಸಿದರೆ ಹೇಗಿದೆಯೋ ಹಾಗೇ ಬರುತ್ತೆ. ಅವನಿಗೆ ಗೊತ್ತು, ಸೋಮಾರಿ.

ಮಂಡಿ ನೋವಿಗೆ ಎಣ್ಣೆ ತಪ್ಪಿಸಬೇಡಿ. ಭಾನುವಾರ ನಿಮಗೆ ಸಂಜೆ ಏಳಾದಾಗ ಫೋನ್ ಮಾಡ್ತೀನಿ. ಇವರ, ಚಿನ್ನುವಿನ ನಮಸ್ಕಾರ. ಆಶೀರ್ವಾದ ಇರಲಿ.

ಇಂತಿ ನಿಮ್ಮ
ಪುಟ್ಟಿ

ತಾ. ಕ.: ಕತ್ತರಿಸಿ ಹೋದ ಕೊನೆಯ ಸಾಲು ‘ಪುಟ್ಟೀ, ಮರೀದೆ’ ಅಂತ ಶುರುವಾಗಿದೆ. ಏನನ್ನು ಮರೀಬಾರದು ಅತ್ತೆ? ಆ ಫೋಟೋ ನಾಳೆಯೇ ಬರಲಿ.