ಪುಟ್ಟನ ಮಂಡಿಗೆ ಏನೂ ಆಗಿಲ್ಲ ದೊಡ್ಡಮ್ಮ

ದೊಡ್ಡಮ್ಮ, ಮೊದಲು ಒಂದು ಮಾತು. ಪುಟ್ಟ ಚೆನ್ನಾಗಿದ್ದಾನೆ. ಆಸ್ಪತ್ರೆಗೆ ಸೇರಿಲ್ಲ, ಯಾರ ಜೊತೆಗೂ ಜಗಳ ಆಡಿಲ್ಲ, ವಿದೇಶಕ್ಕೂ ಹೋಗಿಲ್ಲ. ಈಗ ತಾನೇ ಅವನ ಜೊತೆ ಮಾತಾಡಿದೆ. "ಅಮ್ಮನಿಗೆ ನೀನೇ ಹೇಳಿಬಿಡು ಅಕ್ಕಾ, ನಾನು ಹೇಳಿದರೆ ಮುಚ್ಚಿಡ್ತಿದ್ದಾನೆ ಅಂದ್ಕೋತಾರೆ" ಅಂತ ನಗುತ್ತಿದ್ದ. ಫೋನಿನಲ್ಲಿ ಹೇಳಲು ಹೋದರೆ ನೀವು ನಡುವೆ ನಡುವೆ ಗಾಬರಿ ಆಗ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಚಿಕ್ಕಪ್ಪ ನಮ್ಮ ಮನೆಯವರ ಗುಂಪಿಗೆ ಹಾಕಿದ ಚಿತ್ರ ಪುಟ್ಟನ ಆಫೀಸಿನ ಗೆಳೆಯನೊಬ್ಬ ಬರೆದದ್ದು. ಅದರಲ್ಲಿ ಹೀಗಿದೆ:

"ನಮ್ಮ ಹೊಸಾ ಹುಡುಗನ ಕಥಿ ಕೇಳ್ರಿಪಾ 💀 ಮುಂಜಾನೆ ಬಸ್ಸಿನ್ಯಾಗ ಅಗದಿ ಗದ್ಲ ಅಂತ. ನಿಂತಲ್ಲೇ ನಿದ್ದಿ ಹೊಡದಾನ. ಇಳಿಯೋ ಸ್ಟಾಪ್ ಬಿಟ್ಟು ಕಡೀ ಸ್ಟಾಪಿಗೆ ಹೋಗ್ಯಾನ. ಫೋನ್ ಹಚ್ಚಿದ್ರ ಎತ್ತವಲ್ಲ. ಹೈರಾಣ ಆಗಿ ಹನ್ನೊಂದಕ್ಕ ಬಂದಾನ. RIP ಫಸ್ಟ್ ಇಂಪ್ರೆಷನ್! ನಕ್ಕ ನಕ್ಕ ನಾವು ದವಾಖಾನಿ ಸೇರೋದೊಂದ ಬಾಕಿ. ಲೇ ಮಳ್ಳ, ನಾಳಿಂದ ಲಗೂ ಏಳು! TBH ಹುಡುಗ ಭಾಳ ಚೊಲೋ ಅದಾನ. IYKYK
#UKMandi #HosaHuduga #ಹಿಂಗ್ಯಾಕೋ #tbt #NoFilter"

ಕೆಳಗೆ ಪುಟ್ಟನ ಉತ್ತರ: "LOL ಸತ್ತೆ ಕಣ್ರೋ 💀"

ಹೆತ್ತ ತಾಯಿ ಇದನ್ನು ಓದಿದರೆ ಎದೆ ಝಲ್ ಅನ್ನುವುದು ಸಹಜವೇ ಬಿಡಿ. ತಲೆಬುರುಡೆ ಇದೆ, RIP ಇದೆ, ದವಾಖಾನೆ ಇದೆ, ಮಗನೇ "ಸತ್ತೆ" ಅಂದಿದ್ದಾನೆ. ಆದರೆ ವಿಷಯ ಇಷ್ಟೇ: ಬಸ್ಸಿನಲ್ಲಿ ನಿದ್ದೆ ಮಾಡಿ ಇಳಿಯುವ ಜಾಗ ದಾಟಿಹೋಗಿ, ಆಫೀಸಿಗೆ ತಡವಾಗಿ ಹೋಗಿದ್ದಾನೆ. ನಿಮಗೆ ಅವನ ನಿದ್ದೆ ಗೊತ್ತಲ್ಲ.

ಆ ಹುಡುಗ ಧಾರವಾಡದ ಕಡೆಯವನು. ಅವರ ಕನ್ನಡ ನಮ್ಮದೇ ಕನ್ನಡ, ಆದರೆ ಕೆಲವು ಮಾತು ನಮ್ಮ ಕಿವಿಗೆ ಬೇರೆ ಅರ್ಥ ಕೊಡುತ್ತವೆ. "ಗದ್ಲ" ಅಂದ ಕೂಡಲೇ ನೀವು ಬಸ್ಸಿನಲ್ಲಿ ಗಲಾಟೆ ಆಯ್ತು ಅಂದುಕೊಂಡಿರಿ. ನಮ್ಮ ಕಡೆ ಗದ್ದಲ ಅಂದರೆ ಸದ್ದು, ಗಲಾಟೆ. ಅವರು ರಶ್ಶು ಇದ್ದರೂ ಗದ್ಲ ಅಂತಾರೆ. ಬಸ್ಸು ತುಂಬಿತ್ತು ಅಂತ ಅರ್ಥ. "ಅಗದಿ" ಅಂದರೆ ತುಂಬಾ. "ಹೈರಾಣ" ಅಂದರೆ ಸುಸ್ತಾಗಿ ಸಾಕಾಗಿ ಹೋಗುವುದು, ಕಾಯಿಲೆ ಅಲ್ಲ. "ಲಗೂ" ಅಂದರೆ ಬೇಗ. "ಚೊಲೋ" ಅಂದರೆ ಒಳ್ಳೆಯದು. ಕೊನೆಯ ಸಾಲು ನಿಮ್ಮ ಮಗನನ್ನು ಹೊಗಳಿದ್ದು ದೊಡ್ಡಮ್ಮ: ಹುಡುಗ ತುಂಬಾ ಒಳ್ಳೆಯವನು ಅಂತ. ಅದೊಂದು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ ನೋಡಿ.

"ಫೋನ್ ಹಚ್ಚಿದ್ರ" ಅಂದರೆ ಫೋನಿಗೆ ಬೆಂಕಿ ಹಚ್ಚಿದ್ದಲ್ಲ, ಫೋನ್ ಮಾಡಿದರೆ ಅಂತ. ಮುಂದಿನ "ಎತ್ತವಲ್ಲ" ನನಗೆ ಬಹಳ ಇಷ್ಟದ ಮಾತು. ಎತ್ತಲು ಒಲ್ಲ, ಅಂದರೆ ಫೋನ್ ತೆಗೆಯುತ್ತಲೇ ಇಲ್ಲ. "ಒಲ್ಲೆ" ಅನ್ನೋದು ನಮಗೆ ಈಗ ಪದ್ಯದಲ್ಲೋ ವಚನದಲ್ಲೋ ಸಿಗುವ ಮಾತಾಗಿದೆ. ಅವರ ಬಾಯಲ್ಲಿ ಅದು ದಿನಾ ಓಡಾಡುತ್ತದೆ. ಮಳೆ ಬರುತ್ತಿಲ್ಲ ಅನ್ನೋದಕ್ಕೂ "ಮಳಿ ಬರವಲ್ದು" ಅಂತಾರೆ. ಮಳೆಗೇ ಬರಲು ಮನಸ್ಸಿಲ್ಲ ಅನ್ನೋ ಹಾಗೆ!

ಕಥೆ "ಕಥಿ" ಆಗಿದ್ದು, ನಿದ್ದೆ "ನಿದ್ದಿ" ಆಗಿದ್ದು ತಪ್ಪು ಅಕ್ಷರ ಅಲ್ಲ. ಪದದ ಕೊನೆಯ "ಎ" ಅವರ ಮಾತಿನಲ್ಲಿ "ಇ" ಆಗುತ್ತದೆ. ಮನೆ ಮನಿ, ಮಳೆ ಮಳಿ. ಕತ್ತೆ ಕತ್ತಿ ಆಗುತ್ತದೆ, ಆದ್ದರಿಂದ ಆ ಕಡೆ ಯಾರಾದರೂ "ರಸ್ತಾದಾಗ ಕತ್ತಿ ನಿಂತೈತಿ" ಅಂದರೆ ಓಡಬೇಡಿ. "ಬಸ್ಸಿನ್ಯಾಗ" ಅಂದರೆ ಬಸ್ಸಿನೊಳಗೆ. ಇದೊಂದು ಸೂತ್ರ ಹಿಡಿದರೆ ಅರ್ಧ ಅರ್ಥ ತಾನೇ ಆಗುತ್ತದೆ.

ಇನ್ನು "ದವಾಖಾನಿ". ಆಸ್ಪತ್ರೆ ಅನ್ನೋದು ನಿಜವೇ, ಆದರೆ ಹಿಂದಿನ "ನಕ್ಕ ನಕ್ಕ" ಬಿಟ್ಟು ಓದಿದಿರಿ. ನಕ್ಕೂ ನಕ್ಕೂ ಆಸ್ಪತ್ರೆ ಸೇರುವುದೊಂದು ಬಾಕಿ ಅಂದಿದ್ದಾನೆ. ಸೇರಬೇಕಾದವರೂ ಅವರೇ, ಪುಟ್ಟ ಅಲ್ಲ. ಪಾರಸಿಯಿಂದ ಬಂದ ಮಾತು ಅದು. 1956ಕ್ಕೆ ಮೊದಲು ಆ ಕಡೆಯ ಜಿಲ್ಲೆಗಳು ಮುಂಬೈ ಮತ್ತು ಹೈದರಾಬಾದ್ ಆಡಳಿತದಲ್ಲಿದ್ದವಲ್ಲ, ಮರಾಠಿ ಉರ್ದು ಮಾತು ಹಾಗೇ ಬೆರೆತಿವೆ. ಸಂಬಳಕ್ಕೆ "ಪಗಾರ" ಅಂತಾರೆ, ಅದರ ಮೂಲವಂತೂ ಪೋರ್ಚುಗೀಸ್! ಪುಟ್ಟ ಮುಂದೆ ಯಾವಾಗಲಾದರೂ "ಪಗಾರ ಆತು" ಅಂದರೆ ಖುಷಿಪಡಿ.

"ಲೇ ಮಳ್ಳ" ಓದಿ ನಿಮಗೆ ಸಿಟ್ಟು ಬಂತು ಅಂತ ಚಿಕ್ಕಪ್ಪ ಹೇಳಿದರು. ಮಳ್ಳ ಅಂದರೆ ಪೆದ್ದ. ನಮ್ಮ ಮನೆಯಲ್ಲಿ "ಲೇ" ಅಂದರೆ ತಾತ ಹಲ್ಲು ಕಡಿಯುತ್ತಿದ್ದರು, ನಿಜ. ಆದರೆ ಅಲ್ಲಿ ಗೆಳೆಯರ ನಡುವೆ ಅದು ಸಲಿಗೆಯ ಮಾತು. ಇಲ್ಲಿಯ ಹುಡುಗರು ಗೆಳೆಯನನ್ನು "ಮಗಾ" ಅನ್ನೋದಿಲ್ವಾ, ಹಾಗೆ. ಅವನನ್ನು "ರೀ" ಅಂತ ಕರೆಯುತ್ತಿದ್ದರೆ ನಾನು ಯೋಚನೆ ಮಾಡುತ್ತಿದ್ದೆ, ಇನ್ನೂ ಜೊತೆಗೆ ಸೇರಿಸಿಕೊಂಡಿಲ್ಲವೇನೋ ಅಂತ.

ಈಗ ಇಂಗ್ಲಿಷ್ ಅಕ್ಷರಗಳು. RIP ಅನ್ನು ನೀವು ಸಾವಿನ ಸುದ್ದಿಯಲ್ಲಿ ನೋಡಿದ್ದೀರಿ, "ರೆಸ್ಟ್ ಇನ್ ಪೀಸ್". ಇಲ್ಲಿ ತೀರಿಹೋದದ್ದು ಮನುಷ್ಯ ಅಲ್ಲ, ಮರ್ಯಾದೆ. ಮೊದಲ ದಿನವೇ ತಡವಾಗಿ ಬಂದು ಒಳ್ಳೆಯ ಹೆಸರಿಗೆ ಎಳ್ಳುನೀರು ಬಿಟ್ಟ ಅಂತ. TBH ಅಂದರೆ "ಟು ಬಿ ಆನೆಸ್ಟ್", ನಿಜ ಹೇಳಬೇಕಂದ್ರೆ. IYKYK ಅನ್ನೋದು "ಇಫ್ ಯೂ ನೋ ಯೂ ನೋ". ಗೊತ್ತಿದ್ದವರಿಗೆ ಗೊತ್ತು, ಅಷ್ಟೇ. ಏನೋ ಗುಟ್ಟು ಇದೆ ಅಂತ ಕೆದಕಬೇಡಿ, ನಾನು ಕೇಳಿದೆ. ಅವರ ಮ್ಯಾನೇಜರ್ ಕೂಡ ಒಮ್ಮೆ ಹೀಗೇ ನಿದ್ದೆ ಹೊಡೆದು ಮುಂದೆ ಹೋಗಿದ್ದರಂತೆ. ಅದನ್ನು ಬರೆಯುವ ಧೈರ್ಯ ಇಲ್ಲದೆ IYKYK ಹಾಕಿದ್ದಾನೆ.

LOL ಅಂದರೆ ಜೋರಾಗಿ ನಗುವುದು. "ಲಾಟ್ಸ್ ಆಫ್ ಲವ್" ಅಲ್ಲ. ಇದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ ದೊಡ್ಡಮ್ಮ, ಹೋದ ವರ್ಷ ಪಕ್ಕದ ಮನೆ ಅಜ್ಜ ತೀರಿಕೊಂಡಾಗ ನೀವು LOL ಹಾಕಿದ್ದನ್ನು ನಾನೇ ಓಡಿ ಬಂದು ಅಳಿಸಿದ್ದೆ. ತಲೆಬುರುಡೆಯೂ ಈಗಿನ ಹುಡುಗರಿಗೆ ನಗುವೇ. ನಗುವಿನಿಂದ ಸತ್ತೇಹೋದೆ ಅಂತ. ನಾವು "ನಕ್ಕು ನಕ್ಕು ಸಾಕಾಯ್ತು" ಅಂತಿದ್ದೆವು, ಇವರು ನೇರವಾಗಿ ಬುರುಡೆ ಇಡುತ್ತಾರೆ. ನನಗೂ ಇದು ಅಷ್ಟು ಹಿಡಿಸೋದಿಲ್ಲ.

"ಪೂರ್ತಿ ಬರೆಯಲು ಏನು ಕಷ್ಟ ಈ ಮಕ್ಕಳಿಗೆ" ಅಂತ ನೀವು ಬೈಯುವುದು ಕೇಳಿಸುತ್ತಿದೆ. ಮದುವೆ ಪತ್ರಿಕೆಯಲ್ಲಿ "ಚಿ॥ ಸೌ॥" ಅಂತ ಹಾಕಿಸಿದ್ದು ಯಾರು? ಅದಿರಲಿ, OMG ಅನ್ನೋದೂ ಈಗಿನ ಮಕ್ಕಳ ಕಾರುಬಾರಲ್ಲ. 1917ರಲ್ಲೇ ಬ್ರಿಟಿಷ್ ನೌಕಾಪಡೆಯ ಫಿಶರ್ ಅನ್ನುವ ಮುದುಕರು ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಅದು ಇದೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು!

ಕೊನೆಗೆ ಆ # ಗುರುತು. ಅದರ ಹೆಸರು ಹ್ಯಾಷ್‌ಟ್ಯಾಗ್. ಪುಸ್ತಕದ ಅಂಗಡಿಯಲ್ಲಿ ಒಂದೇ ಬಗೆಯವನ್ನು ಒಂದು ಕಪಾಟಿಗೆ ಸೇರಿಸಿ ಚೀಟಿ ಅಂಟಿಸುತ್ತಾರಲ್ಲ, ಅದೇ ಚೀಟಿ. ಮುಟ್ಟಿದರೆ ಅದೇ ಚೀಟಿ ಅಂಟಿಸಿದ ಬೇರೆಯವರ ಬರಹಗಳೆಲ್ಲ ಬರುತ್ತವೆ. 2007ರಲ್ಲಿ ಟ್ವಿಟರಿನಲ್ಲಿ ಶುರುವಾದದ್ದು ಇದು. ನೀವು ಎಷ್ಟು ಒತ್ತಿದರೂ ಏನೂ ಆಗಲಿಲ್ಲ ಅಂದಿರಿ. ಚಿಕ್ಕಪ್ಪ ಕಳಿಸಿದ್ದು ಸ್ಕ್ರೀನ್‌ಶಾಟ್, ಅಂದರೆ ಫೋನಿನ ಪರದೆಯ ಫೋಟೋ. ಗೋಡೆಗೆ ಹಾಕಿದ ಬಾಗಿಲಿನ ಚಿತ್ರವನ್ನು ತಳ್ಳಿದರೆ ತೆರೆಯುತ್ತದಾ? ನಿಮ್ಮ ಫೋನ್ ಕೆಟ್ಟಿಲ್ಲ.

ಚೀಟಿಯಲ್ಲಿ ಪದಗಳ ನಡುವೆ ಜಾಗ ಬಿಡುವಂತಿಲ್ಲ, ಬಿಟ್ಟರೆ ಚೀಟಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಎಲ್ಲ ಅಂಟಿಸಿ ಬರೆಯುತ್ತಾರೆ, ಓದಲು ಸುಲಭ ಆಗಲಿ ಅಂತ ನಡುವೆ ದೊಡ್ಡಕ್ಷರ ಹಾಕುತ್ತಾರೆ. #HosaHuduga ಅಂದರೆ ಹೊಸ ಹುಡುಗ. ಎಡವಟ್ಟಾದದ್ದು #UKMandi ಇಂದ. UK ಅಂದರೆ ಇಂಗ್ಲೆಂಡ್ ಅಲ್ಲ, ಉತ್ತರ ಕರ್ನಾಟಕ. Mandi ಅಂದರೆ ಮಂಡಿ ಅಲ್ಲ, ಮಂದಿ! ಇಂಗ್ಲಿಷ್ ಅಕ್ಷರದಲ್ಲಿ ದ ಮತ್ತು ಡ ಎರಡಕ್ಕೂ ಒಂದೇ d, ತಪ್ಪು ನಿಮ್ಮದಲ್ಲ. "ಉತ್ತರ ಕರ್ನಾಟಕದ ಜನ" ಅಂತ ಅಷ್ಟೇ. ನೀವು "ಯುಕೆಗೆ ಹೋಗಿ ಮಂಡಿ ಮುರ್ಕೊಂಡಿದ್ದಾನಾ" ಅಂತ ಕೇಳಿದ್ದನ್ನು ಪುಟ್ಟನಿಗೆ ಹೇಳಿಬಿಟ್ಟೆ, ಕ್ಷಮಿಸಿ. ಈಗ ಅವನ ಆಫೀಸಿಗೆಲ್ಲ ಗೊತ್ತು.

#ಹಿಂಗ್ಯಾಕೋ ಅಂದರೆ ಹೀಗೇಕೋ. #NoFilter ಅಂದರೆ ಫೋಟೋಗೆ ಬಣ್ಣ ಬಳಿದು ತಿದ್ದಿಲ್ಲ ಅಂತ. ಹಾಗಾಗಿ ಅವನ ಕಣ್ಣು ಊದಿಕೊಂಡಿರುವುದು ಕಾಣುತ್ತಿದೆ. ನಿದ್ದೆಯ ಊತ.

ಉಳಿದದ್ದು #tbt, ಇದೇ ಮುಖ್ಯ. "ತ್ರೋಬ್ಯಾಕ್ ಥರ್ಸ್‌ಡೇ", ಅಂದರೆ ಗುರುವಾರ ಹಳೆಯ ಫೋಟೋ ಹಾಕಿ ನೆನಪು ಮಾಡಿಕೊಳ್ಳುವುದು. ಇದು ನಿನ್ನೆ ನಡೆದದ್ದಲ್ಲ. ಪುಟ್ಟ ಕೆಲಸಕ್ಕೆ ಸೇರಿದ ಮೊದಲ ದಿನದ್ದು, ತಿಂಗಳ ಮೇಲಾಯ್ತು. ಅವತ್ತು ಸಂಜೆ ಅವನು ನಿಮಗೆ ಫೋನ್ ಮಾಡಿ "ಎಲ್ಲ ಚೆನ್ನಾಗಿತ್ತಮ್ಮ" ಅಂದಿದ್ದನಲ್ಲ, ಆ ದಿನದ ಕಥೆ. ಆ ಸುಳ್ಳಿಗೆ ನೀವು ಬೈಯಬಹುದು, ನಾನು ಅಡ್ಡ ಬರೋದಿಲ್ಲ.

ನೀವೂ ಅಲ್ಲಿ ಏನಾದರೂ ಬರೆಯಬೇಕು ಅಂದಿರಲ್ಲ. "ಲಗೂ ಏಳೋ ಪುಟ್ಟ" ಅಂತ ಬರೆಯಿರಿ. ಬುರುಡೆ ಬೇಡ. ರಾತ್ರಿ ಎಂಟು ಗಂಟೆಗೆ ಅವನೇ ನಿಮಗೆ ಫೋನ್ ಹಚ್ಚುತ್ತಾನೆ, ಎತ್ತಿ.