ಕೀಲಿ ಯಾರ ಕೈಲಿ, ಸಹಿ ಯಾರದು, ಹೊಣೆ ಯಾರದು?

(ತಾಲ್ಲೂಕು ಕಚೇರಿ, ಮಧ್ಯಾಹ್ನ. ಎರಡು ತಿಂಗಳ ಹಿಂದೆ ಸೇರಿದ ಎಫ್‌ಡಿಎ ಒಬ್ಬರು ಮಾಹಿತಿ ಹಕ್ಕು ಅರ್ಜಿಯ ಕಡತ ಹಿಡಿದು ಶಿರಸ್ತೇದಾರರ ಮುಂದೆ ಕೂತಿದ್ದಾರೆ.)

ಎಫ್‌ಡಿಎ: ಸರ್, ಅರ್ಜಿ ಬಂದು 26 ದಿನ ಆಯ್ತು. ಹಳೇ ಕಡತ ಕೇಳಿದ್ರೆ ರೆಕಾರ್ಡ್ ರೂಮಿನವರು ‘ನಾಳೆ ಬನ್ನಿ’ ಅಂತಾರೆ. ಅಧಿಕಾರ ಅವರದು, ನಾನೇನು ಮಾಡ್ಲಿ?

ಶಿರಸ್ತೇದಾರ್: ಅಧಿಕಾರ ಅವರದು ಅಂತ ಯಾರಮ್ಮ ಹೇಳಿದ್ದು?

ಎಫ್‌ಡಿಎ: ಕೀಲಿ ಅವರ ಹತ್ರ ಇದೆಯಲ್ಲ ಸರ್.

ಶಿರಸ್ತೇದಾರ್: ಅದು ಬಲ. ನಾವು ಎರಡಕ್ಕೂ ‘ಅಧಿಕಾರ’ ಅಂದುಬಿಡ್ತೀವಿ, ಗೊಂದಲ ಶುರುವಾಗೋದೇ ಅಲ್ಲಿ. ಅಧಿಕಾರ ಅಂದ್ರೆ ಕಾಯ್ದೆನೋ ಸರ್ಕಾರಿ ಆದೇಶನೋ ಹುದ್ದೆಗೆ ಕೊಟ್ಟಿದ್ದು. ಯಾವ ಕಲಂ ಅಂದ್ರೆ ತೋರಿಸೋಕಾಗಬೇಕು. ವರ್ಗಾವಣೆ ಆದ ದಿನ ಅದು ಕುರ್ಚಿಯಲ್ಲೇ ಉಳಿಯುತ್ತೆ. ಕಡತ ತಡೆದಿಡೋಕೆ ಅವರಿಗೆ ಯಾವ ಕಲಂ ಇದೆ?

ಎಫ್‌ಡಿಎ: ಯಾವುದೂ ಇಲ್ಲ. ಹಾಗಾದ್ರೆ ಯಾರೋ ಮುಖಂಡರ ಕಡೆಯಿಂದ ಫೋನ್ ಬಂದ್ರೆ ಅದೂ...

ಶಿರಸ್ತೇದಾರ್: ಅದೂ ಬಲವೇ. ಆದೇಶ ಅಲ್ಲ.

ಎಫ್‌ಡಿಎ: ಸರಿ. ಆದ್ರೆ ತಡವಾದ್ರೆ ದಂಡ ಸಾಹೇಬ್ರಿಗೆ ತಾನೆ? ಮಾಹಿತಿ ಅಧಿಕಾರಿ ಅವರೇ.

ಶಿರಸ್ತೇದಾರ್: 30 ದಿನದೊಳಗೆ ಉತ್ತರ ಹೋಗ್ಬೇಕು. ಸಕಾರಣ ಇಲ್ದೆ ತಡ ಮಾಡಿದ್ರೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿ, 25,000ದವರೆಗೂ ದಂಡ ಹಾಕುತ್ತೆ. ಆದ್ರೆ 2005ರ ಕಾಯ್ದೆಯ 5ನೇ ಕಲಂ ಪೂರ್ತಿ ಓದಿ. ಮಾಹಿತಿ ಅಧಿಕಾರಿ ಇನ್ನೊಬ್ಬ ಅಧಿಕಾರಿಯ ನೆರವು ಕೇಳಬಹುದು. ಕೇಳಿದ ಮೇಲೆ ತಪ್ಪಾದ್ರೆ, ಆ ಇನ್ನೊಬ್ಬರನ್ನೂ ಮಾಹಿತಿ ಅಧಿಕಾರಿ ಅಂತಲೇ ನೋಡಬೇಕು ಅಂತಿದೆ. ಬಲ ಇಟ್ಕೊಂಡವರ ಮೇಲೆ ಹೊಣೆ ಹೊರಿಸೋ ದಾರಿ ಅದು. ಅದಕ್ಕೆ ಕೇಳಿದ್ದು ಕಾಗದದಲ್ಲಿರಬೇಕು.

ಎಫ್‌ಡಿಎ: ನಾನು ಮೂರು ಸಲ ಹೋಗಿ ಕೇಳಿದೀನಿ ಸರ್.

ಶಿರಸ್ತೇದಾರ್: ಬಾಯಲ್ಲಿ. ಟಿಪ್ಪಣಿ ಹಾಳೆ ತೆಗೀರಿ... ನೋಡಿ, ‘ಅರ್ಜಿ ಸ್ವೀಕೃತವಾಗಿದೆ’ ಅನ್ನೋ ಒಂದು ಸಾಲು, ಕೆಳಗೆಲ್ಲ ಖಾಲಿ. ನಾಳೆ ಮೇಲ್ಮನವಿಯಲ್ಲಿ ಓದೋರಿಗೆ ಕಾಣೋದೇನು? 26 ದಿನ ಕಡತ ನಿಮ್ಮ ಮೇಜಿನ ಮೇಲೆ ಮಲಗಿತ್ತು ಅಂತ.

ಎಫ್‌ಡಿಎ: ಅಧಿಕಾರವೇ ಇಲ್ಲದ ನನಗೆ ಹೊಣೆ ಮಾತ್ರ ಇದ್ಯಾ?

ಶಿರಸ್ತೇದಾರ್: ಅನ್ಯಾಯ ಅನ್ಸುತ್ತೆ, ನನಗೂ ಅನ್ನಿಸಿತ್ತು. ಆದ್ರೆ ನಿಮ್ಮ ಹೊಣೆಗೆ ಗಡಿ ಇದೆ: ಇದ್ದಿದ್ದನ್ನ ಇದ್ದ ಹಾಗೆ, ಹೊತ್ತಿಗೆ ಸರಿಯಾಗಿ ಮಂಡಿಸೋದು. ತೀರ್ಮಾನ ನಿಮ್ಮದಲ್ಲ. ಇನ್ನೊಂದು ಮಾತು, ಬಲ ನಿಮ್ಮ ಹತ್ರಾನೂ ಇದೆ. ಈ ಕಡತ ಕಟ್ಟಿನ ಮೇಲಿಡೋದು, ಅಡಿಗಿಡೋದು ನಿಮ್ಮ ಕೈಲೇ ಇದೆ. ಅರ್ಜಿದಾರರು ಬಂದು ಕೇಳಿದಾಗ ನೀವೇನಂದ್ರಿ?

ಎಫ್‌ಡಿಎ: (ತಡೆದು) ‘ನಾಳೆ ಬನ್ನಿ’ ಅಂದೆ ಸರ್.

ಶಿರಸ್ತೇದಾರ್: ಹೂಂ. ಪೆನ್ನು ತಗೊಳ್ಳಿ, ಇವತ್ತಿನ ದಿನಾಂಕ ಹಾಕಿ. ‘ಕೋರಿರುವ ಕಡತ ಅಭಿಲೇಖಾಲಯದಲ್ಲಿದ್ದು, ಮೂರು ಬಾರಿ ಮೌಖಿಕವಾಗಿ ಕೇಳಿದರೂ ಲಭ್ಯವಾಗಿರುವುದಿಲ್ಲ. ಅವಧಿ ಮುಗಿಯಲು 4 ದಿನ ಬಾಕಿ ಇದೆ. ಕಲಂ 5(4)ರಡಿ ನೆರವು ಕೋರಿ ಜ್ಞಾಪನ ಹೊರಡಿಸಬಹುದು. ಆದೇಶಕ್ಕಾಗಿ ಮಂಡಿಸಿದೆ.’ ಆಯ್ತಾ? ಸಾಹೇಬ್ರು ನಾಲ್ಕು ಗಂಟೆಗೆ ಮೀಟಿಂಗ್‌ಗೆ ಹೊರಡ್ತಾರೆ, ಅಷ್ಟರೊಳಗೆ ಒಳಗೆ ತಗೊಂಡು ಹೋಗಿ.