ಅಂಕೋಲಾ–ಕಾರವಾರ ಬೆಳಗಿನ ಬಸ್ಸಿನ ಬಳಗಕ್ಕೆ

ಹಿರಿಯರೇ, ಅಕ್ಕಂದಿರೇ, ತಮ್ಮ-ತಂಗಿಯರೇ,

ನನಗೆ ಹಳಿಯಾಳಕ್ಕೆ ವರ್ಗವಾಗಿರುವ ಸುದ್ದಿ ನಿಮ್ಮಲ್ಲಿ ಹೆಚ್ಚಿನವರಿಗೆ ಈಗಾಗಲೇ ತಿಳಿದಿದೆ. ಆದೇಶದ ಪ್ರತಿ ನನ್ನ ಮೇಜಿಗೆ ಬರುವ ಮೊದಲೇ ಅದು ತೋಡೂರಿನಲ್ಲಿ ಬಸ್ಸು ಹತ್ತಿತ್ತು ಎಂಬುದು ನಮ್ಮ ಬಳಗವನ್ನು ಬಲ್ಲ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಶುಕ್ರವಾರ ಸಂಜೆ ಕಾರವಾರದ ಕಚೇರಿಯಿಂದ ಬಿಡುಗಡೆ ಹೊಂದಿ, ಸೋಮವಾರ ಹಳಿಯಾಳದಲ್ಲಿ ಹಾಜರಾಗಬೇಕಾಗಿದೆ. ಓಡುವ ಬಸ್ಸಿನಲ್ಲಿ ಎದ್ದು ನಿಂತು ಮಾತನಾಡುವುದು ನನಗೆ ಒಗ್ಗದ ಕೆಲಸವಾದ್ದರಿಂದ, ಹೇಳಬೇಕಾದುದನ್ನು ಬರೆದು ಸದಾಶಿವಗಡದ ಮಾಸ್ತರರ ಕೈಗೆ ಕೊಡುತ್ತಿದ್ದೇನೆ. ಅವರ ದನಿ ಎಂಜಿನ್ನಿನ ಸದ್ದನ್ನೂ ಮೀರಿ ಹಿಂದಿನ ಸೀಟಿನವರೆಗೆ ಮುಟ್ಟುತ್ತದೆ.

ಅಂಕೋಲಾದಲ್ಲಿ ಹತ್ತಿ ಅವರ್ಸಾ, ಹಾರವಾಡ, ಅಮದಳ್ಳಿ, ತೋಡೂರು, ಚೆಂಡಿಯಾ, ಅರಗಾ, ಬಿಣಗಾ ದಾಟಿ ಕಾರವಾರದಲ್ಲಿ ಇಳಿಯುವ ಈ ದಾರಿಯಲ್ಲಿ ನಾನು ಗಳಿಸಿದ್ದು ಎಂಥ ಸ್ನೇಹವೆಂದು ಯೋಚಿಸಿದಾಗ, ನಿಮ್ಮಲ್ಲಿ ಕೆಲವರ ನಿಜವಾದ ಹೆಸರೇ ನನಗೆ ಗೊತ್ತಿಲ್ಲವೆಂಬುದು ಮೊದಲು ಹೊಳೆಯಿತು. ನನ್ನ ಫೋನಿನಲ್ಲಿ ನೀವು ಇರುವುದು ‘ತೋಡೂರು ಸರ್’, ‘ಬ್ಯಾಂಕ್ ಮೇಡಂ’, ‘ಆಸ್ಪತ್ರೆ ಅಕ್ಕ’, ‘ಕಿಟಕಿ ಗೌಡ್ರು’ ಎಂದು. ನಾನು ಎಷ್ಟೋ ಜನರ ಫೋನಿನಲ್ಲಿ ‘ಖಜಾನೆ ಭಟ್ರು’ ಆಗಿದ್ದೇನೆ. ಹಾಗಿದ್ದೂ ಯಾರ ಮಗಳ ಪರೀಕ್ಷೆ ಯಾವಾಗ, ಯಾರ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕು, ಯಾರ ತೋಟದ ಅಡಿಕೆಗೆ ಈ ಸಲ ಕೊಳೆರೋಗ ಬಿತ್ತು ಎಂಬುದು ನಮಗೆಲ್ಲ ಗೊತ್ತು. ಕಚೇರಿಯಲ್ಲಿ ಸಾಹೇಬರು, ಗುಮಾಸ್ತರು, ಜವಾನರು ಎಂಬ ಅಂತರಗಳು ಇದ್ದೇ ಇರುತ್ತವೆ; ಬಸ್ಸಿನಲ್ಲಿ ಇದ್ದದ್ದು ಕುಳಿತವರು ಮತ್ತು ನಿಂತವರು ಎಂಬ ಒಂದೇ ಅಂತರ, ಅದನ್ನೂ ನೀವು ಸರದಿಯ ಮೇಲೆ ನಿಭಾಯಿಸಿದಿರಿ. ನಿಂತವರ ಚೀಲವನ್ನು ಕುಳಿತವರು ಕೇಳದೆಯೇ ತೊಡೆಯ ಮೇಲೆ ಇಟ್ಟುಕೊಳ್ಳುವ ನಮ್ಮ ಪದ್ಧತಿಯನ್ನು ಯಾರು ಆರಂಭಿಸಿದರೋ ತಿಳಿಯದು. ಆ ಚೀಲಗಳ ಒಳಗಿನ ಡಬ್ಬಿಯ ಬಿಸಿಯಿಂದಲೇ ಇಂದು ಯಾರ ಮನೆಯಲ್ಲಿ ತಡವಾಗಿ ಅಡುಗೆಯಾಯಿತೆಂದು ಹೇಳಬಲ್ಲ ಪರಿಣತಿ ನನಗೆ ಈ ಬಸ್ಸಿನಲ್ಲಿಯೇ ಬಂದದ್ದು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನಲ್ಲಿ ಜನ ಹೆಚ್ಚಿದರು, ಸೀಟು ಹೆಚ್ಚಲಿಲ್ಲ. ಆಗ ಒಂದಷ್ಟು ದಿನ ಪಾಸಿನ ಗಂಡಸರಿಗೂ ಶೂನ್ಯ ಟಿಕೆಟಿನ ಹೆಂಗಸರಿಗೂ ನಡುವೆ ನಡೆದ ವಾಗ್ವಾದವನ್ನು ನೆನೆದರೆ ಈಗ ನಗು ಬರುತ್ತದೆ. ದುಡ್ಡು ಕೊಟ್ಟವನಿಗೆ ಸೀಟಿನ ಹಕ್ಕು ಹೆಚ್ಚು ಎಂದು ವಾದಿಸಿದ ಗೌಡ್ರಿಗೆ, ಹಾಗಾದರೆ ನಿಮ್ಮ ಮನೆಯಲ್ಲಿ ಉಳಿದ ಬಸ್ಸಿನ ದುಡ್ಡು ಯಾರ ಕೈಯಲ್ಲಿದೆ ಎಂದು ಆಸ್ಪತ್ರೆ ಅಕ್ಕ ಕೇಳಿದ ಒಂದೇ ಪ್ರಶ್ನೆಯಿಂದ ಆ ಚರ್ಚೆ ಮುಗಿಯಿತು. ಅಲ್ಲಿಂದ ಮುಂದೆ ರಾತ್ರಿ ಪಾಳಿ ಮುಗಿಸಿ ಬಂದವರಿಗೆ, ಬಸುರಿಯರಿಗೆ, ಮೊಣಕಾಲು ನೋವಿನವರಿಗೆ ಮೊದಲು ಎಂದು ನೀವೇ ಗೊತ್ತುಮಾಡಿಕೊಂಡದ್ದು ನನಗೆ ಯಾವ ಸುತ್ತೋಲೆಗಿಂತಲೂ ಚೆನ್ನಾಗಿ ಕಂಡಿದೆ.

2024ರ ಮಳೆಗಾಲವನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ. ಜುಲೈ 16ರ ಬೆಳಿಗ್ಗೆ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದಾಗ ನಾವು ಅದರ ಈಚೆಗಿನ ದಾರಿಯಲ್ಲಿದ್ದೆವು. ಕುಮಟಾ ಕಡೆಯಿಂದ ಬರುವ ನಮ್ಮ ಇಬ್ಬರು ಗೆಳೆಯರ ಫೋನು ತಾಗದೆ ಹೋದ ಆ ಹೊತ್ತಿನಲ್ಲಿ ಇಡೀ ಬಸ್ಸು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿತ್ತು. ಅವರು ಮನೆಯಿಂದ ಇನ್ನೂ ಹೊರಟೇ ಇಲ್ಲವೆಂದು ಗೊತ್ತಾದಾಗ ಬ್ಯಾಂಕ್ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, ಮರುಕ್ಷಣವೇ ಫೋನು ಎತ್ತದ ಅವರನ್ನು ಚೆನ್ನಾಗಿ ಬೈದರು. ಹೆದ್ದಾರಿ ಮುಚ್ಚಿದ್ದ ದಿನಗಳಲ್ಲಿ ಅವರಿಬ್ಬರೂ ರೈಲು ಹಿಡಿದು ಶಿರವಾಡದಲ್ಲಿ ಇಳಿದು ಬರುತ್ತಿದ್ದರೂ, ಅವರ ಜಾಗದ ಮೇಲೆ ಕರವಸ್ತ್ರ ಹಾಕುವುದನ್ನು ಗೌಡ್ರು ಬಿಡಲಿಲ್ಲ. ಆ ಗಾಬರಿ ಆರುವ ಮೊದಲೇ ಆಗಸ್ಟ್ 7ರ ನಸುಕಿಗೆ ಕಾಳಿಯ ಹಳೆಯ ಸೇತುವೆ ಕುಸಿಯಿತು. ಹೊಸ ಸೇತುವೆಯ ಮೇಲೂ ಸಂಚಾರ ತಡೆದದ್ದರಿಂದ ಮಾಸ್ತರರು ಕಾರವಾರದಲ್ಲಿಯೇ ಉಳಿದು, ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತು ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದರು. ಸೇತುವೆಯ ಆಚೆಗಿನ ಮಕ್ಕಳಿಗೆ ಅಂದು ಅಂಕಗಳು ಸ್ವಲ್ಪ ಧಾರಾಳವಾಗಿ ಬಿದ್ದವೆಂಬುದು ನನ್ನ ಗುಮಾನಿ. ಮಾಸ್ತರರು ಇದನ್ನು ಓದುವಾಗ ಈ ಸಾಲನ್ನು ಬಿಡಬಾರದಾಗಿ ವಿನಂತಿ.

ಇನ್ನು ಲೆಕ್ಕ. ಬಳಗದ ವಂತಿಗೆಯ ಡಬ್ಬಿ ಇದುವರೆಗೆ ನನ್ನಲ್ಲಿತ್ತು. ಆಯುಧ ಪೂಜೆಯ ದಿನ ಬಸ್ಸಿಗೆ ಬಾಳೆಕಂಬ, ಹೂವು ತಂದದ್ದು, ಚಾಲಕರಿಗೂ ನಿರ್ವಾಹಕರಿಗೂ ಕೊಟ್ಟ ಕಾಣಿಕೆ, ಎರಡು ಮದುವೆಗಳ ಉಡುಗೊರೆ ಎಲ್ಲ ಕಳೆದು 1,840 ರೂಪಾಯಿ ಉಳಿದಿದೆ. ಹಣವನ್ನೂ ವಹಿಯನ್ನೂ ಬ್ಯಾಂಕ್ ಮೇಡಂ ಅವರಿಗೆ ಒಪ್ಪಿಸಿದ್ದೇನೆ. ತೋಡೂರು ಸರ್ ಕೊಡಬೇಕಾದ ಎರಡು ತಿಂಗಳ ವಂತಿಗೆಯನ್ನು ವಹಿಯಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟಿದ್ದೇನೆ. ಸ್ನೇಹ ಬೇರೆ, ಖಜಾನೆ ಬೇರೆ.

ನನ್ನ ಸೀಟಿನ ವಿಷಯದಲ್ಲಿ ಒಂದು ಕೋರಿಕೆಯಿದೆ. ಚಾಲಕರ ಹಿಂದಿನ ಮೂರನೆಯ ಸಾಲಿನ ಆ ಜಾಗವನ್ನು ಕೆಲವು ದಿನ ಖಾಲಿ ಬಿಡುವ ಮಾತು ನಡೆದಿದೆಯೆಂದು ಕೇಳಿದೆ. ದಯವಿಟ್ಟು ಹಾಗೆ ಮಾಡಬೇಡಿ. ಹೋದ ತಿಂಗಳಿನಿಂದ ಅಮದಳ್ಳಿಯಲ್ಲಿ ಹತ್ತುವ ಹುಡುಗಿ, ಮೊದಲ ನೌಕರಿಯವಳು, ಇನ್ನೂ ಬಾಗಿಲ ಬಳಿಯ ಕಂಬ ಹಿಡಿದುಕೊಂಡೇ ಬರುತ್ತಾಳೆ. ಯಾರನ್ನೂ ಮಾತನಾಡಿಸಲು ಅವಳಿಗೆ ಸಂಕೋಚ. ಆ ಸೀಟನ್ನು ಅವಳಿಗೆ ಕೊಡಿ. ಬಿಣಗಾ ದಾಟಿ ಸುರಂಗ ಬರುವ ಮೊದಲು ಫೋನಿನ ಮಾತು ಮುಗಿಸಬೇಕೆಂಬುದನ್ನೂ, ಮಳೆಗಾಲದಲ್ಲಿ ಆ ಕಿಟಕಿಯ ಗಾಜು ಎಡಗೈಯಿಂದ ಒತ್ತಿ ಹಿಡಿಯದಿದ್ದರೆ ಕೆಳಗೆ ಜಾರಿ ತೊಡೆ ಒದ್ದೆಯಾಗುತ್ತದೆಂಬುದನ್ನೂ ಅವಳಿಗೆ ತಿಳಿಸಿ. ನಾನು ಈ ಬಸ್ಸಿಗೆ ಹೊಸಬನಾಗಿ ಬಂದಾಗ ನನ್ನನ್ನು ಕರೆದು ಕೂರಿಸಿಕೊಂಡವರು ಇಂದು ನಿವೃತ್ತರಾಗಿ ಹಾರವಾಡದಲ್ಲಿದ್ದಾರೆ. ಅವರ ಋಣವನ್ನು ತೀರಿಸಲು ನನಗಿರುವ ದಾರಿ ಇದೊಂದೇ.

ಹಳಿಯಾಳದಲ್ಲಿ ಕಚೇರಿಗೆ ನಡೆದುಹೋಗುವಷ್ಟು ಹತ್ತಿರ ಬಾಡಿಗೆ ಮನೆ ಸಿಕ್ಕಿದೆ. ಕೇಳಿದವರೆಲ್ಲ ಅದೃಷ್ಟವಂತನೆಂದರು. ಆದರೆ ಮನೆಯ ಚಿಂತೆ ಕಳಚಿ ಕಚೇರಿಯ ಚಿಂತೆ ಹೊರುವ ನಡುವಿನ ಆ ಒಂದು ಗಂಟೆ, ಯಾರ ಅಪ್ಪಣೆಯೂ ಇಲ್ಲದೆ ನನ್ನದಾಗಿದ್ದದ್ದು, ಈಗ ಹೋಗುತ್ತದೆ. ಗೇಟು ತೆರೆದರೆ ಕಚೇರಿ ಎಂಬ ಸುಖಕ್ಕೆ ಒಗ್ಗಿಕೊಳ್ಳಲು ನನಗೆ ಕಾಲ ಬೇಕಾದೀತು.

ಧಾರವಾಡದ ಕಡೆ ಕೆಲಸವಿದ್ದವರು ಹಳಿಯಾಳದಲ್ಲಿ ಇಳಿದು ಒಂದು ಊಟ ಮಾಡಿಕೊಂಡು ಹೋಗಬೇಕು. ಬರಿಗೈಯಲ್ಲಿ ಬರಲು ಸಂಕೋಚವೆನಿಸಿದರೆ ಕರಿ ಇಶಾಡ ಹಣ್ಣಿನ ಕಾಲದಲ್ಲಿಯೇ ಬನ್ನಿ. ಘಟ್ಟದ ಮೇಲೆ ಅಂಕೋಲೆಯ ಆ ಹಣ್ಣಿಗೆ ಕಾಯುವವನು ಒಬ್ಬನಿದ್ದಾನೆಂದು ನೆನಪಿರಲಿ.

ಕೊನೆಯದಾಗಿ, ಶುಕ್ರವಾರ ಶಾಲು, ಹಾರ, ಫಲತಾಂಬೂಲದ ಸಿದ್ಧತೆ ಗುಟ್ಟಾಗಿ ನಡೆದಿರುವುದು ನನಗೆ ತಿಳಿದಿದೆ. ಬೇಡವೆಂದರೆ ನೀವು ಕೇಳುವವರಲ್ಲ. ಆದರೆ ಅದನ್ನು ಅಂಕೋಲಾ ನಿಲ್ದಾಣದಲ್ಲಿ ಬಸ್ಸು ಹೊರಡುವ ಮೊದಲೇ ಮುಗಿಸಿ. ದಾರಿಯಲ್ಲಿ ನಿಲ್ಲಿಸಿದರೆ ಕಾರವಾರದಲ್ಲಿ ಸಮಯಪಾಲನೆಗೆ ಉತ್ತರ ಕೊಡಬೇಕಾದವರು ನಮ್ಮ ನಿರ್ವಾಹಕರು.

ನಿಮ್ಮವ,
ಖಜಾನೆ ಭಟ್ರು